ನಂಬರ್ ಕೊಟ್ಟದ್ದು ಬಿಲ್ಲಿಗೆ

"ಸಾರ್, ನಂಬರ್ ಹೇಳಿ."

ತುಮಕೂರಿನ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಯಿರಲಿ, ಗುಬ್ಬಿಯ ಮೆಡಿಕಲ್ ಸ್ಟೋರ್ ಇರಲಿ, ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯೇ ಇರಲಿ, ಬಿಲ್ ಮಾಡುವ ಹುಡುಗ ಕೇಳುವ ಮೊದಲ ಮಾತು ಇದೇ. ಹಿಂದೆ ಕ್ಯೂ ಇರುತ್ತದೆ. ನಾವೂ ಪಟಪಟನೆ ಹತ್ತು ಅಂಕಿ ಒಪ್ಪಿಸಿ ಬರುತ್ತೇವೆ. ವಾರ ಕಳೆಯುವುದರೊಳಗೆ ವಾಟ್ಸಾಪ್‌ನಲ್ಲಿ ಶುರು: ಹಬ್ಬದ ಭರ್ಜರಿ ಆಫರ್, ವಾರಾಂತ್ಯದ ಭಾರಿ ರಿಯಾಯಿತಿ, ಮಾಲೀಕರ ಫೋಟೊ ಇರುವ ಶುಭಾಶಯ, ಬೆಳಿಗ್ಗೆ ಆರಕ್ಕೆ ಶುಭೋದಯ. ಒಂದು ಪ್ಯಾಂಟ್ ತಗೊಂಡ ತಪ್ಪಿಗೆ ವರ್ಷವಿಡೀ ಶಿಕ್ಷೆ.

ನಂಬರ್ ಕೊಡದಿದ್ದರೆ ಬಿಲ್ಲೇ ಇಲ್ಲ ಎಂದು ಗ್ರಾಹಕರನ್ನು ಕಟ್ಟಿಹಾಕಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಆ ಮಾತು ನಮ್ಮೂರಿನ ಕೌಂಟರ್‌ವರೆಗೆ ಬಂದ ಹಾಗೆ ಕಾಣುವುದಿಲ್ಲ. ಎಸ್‌ಎಂಎಸ್ ಮತ್ತು ಕರೆಗಳ ಕಾಟ ತಪ್ಪಿಸಲು ಟ್ರಾಯ್‌ನ 1909 ಇದೆ, ಡಿಎನ್‌ಡಿ ಇದೆ. ಆದರೆ ಆ ವ್ಯವಸ್ಥೆ ವಾಟ್ಸಾಪ್‌ಗೆ ಅನ್ವಯಿಸುವುದಿಲ್ಲ. ಡಿಎನ್‌ಡಿ ಹಾಕಿಸಿ ನೆಮ್ಮದಿಯಾಗಿದ್ದವರ ಫೋನಿಗೂ ಅಂಗಡಿಯ ಚಿತ್ರಗಳು ಬಂದು ಬೀಳುವುದು ಅದಕ್ಕೇ.

ಹಾಗೆಂದು ಅಂಗಡಿಯವರು ಮೆಸೇಜ್ ಕಳಿಸಲೇಬಾರದು ಎನ್ನುವವನು ನಾನಲ್ಲ. ದಿನಪತ್ರಿಕೆಯಲ್ಲಿ ಜಾಹೀರಾತು ಹಾಕುವಷ್ಟು ಕಾಸು ಸಣ್ಣ ಅಂಗಡಿಗೆ ಎಲ್ಲಿಂದ ಬರಬೇಕು? ಬೇಕಾದವರಿಗೆ, ಬೇಕಾದಾಗ, ಬೇಕಾದಷ್ಟೇ ಕಳಿಸಿದರೆ ಗ್ರಾಹಕನಿಗೂ ಉಪಕಾರ. ತಕರಾರು ಇರುವುದು ಒಂದೇ ವಿಷಯಕ್ಕೆ: ಬಿಲ್ಲಿಗೆ ಕೊಟ್ಟ ನಂಬರನ್ನು ಒಪ್ಪಿಗೆ ಎಂದು ಲೆಕ್ಕ ಹಾಕುವುದಕ್ಕೆ.

ತಮಾಷೆ ಎಂದರೆ, ಈ ತಕರಾರನ್ನು ವಾಟ್ಸಾಪ್ ತಾನೇ ಅರ್ಧ ಬಗೆಹರಿಸಿ ಇಟ್ಟಿದೆ. ಅಲ್ಲಿ 'ಬ್ರಾಡ್‌ಕಾಸ್ಟ್ ಲಿಸ್ಟ್' ಎಂಬ ಸೌಲಭ್ಯ ಇದೆ. ಒಂದು ಪಟ್ಟಿಗೆ 256 ಜನರವರೆಗೆ ಸೇರಿಸಬಹುದು. ಕಳಿಸಿದ್ದು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ, ಮಾಮೂಲಿ ಚಾಟ್‌ನ ಹಾಗೆಯೇ ಹೋಗುತ್ತದೆ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಉತ್ತರ ಬರೆದರೆ ಅಂಗಡಿಗೆ ಮಾತ್ರ ಬರುತ್ತದೆ. ಜೊತೆಗೆ ಒಂದು ಷರತ್ತು: ಗ್ರಾಹಕರು ಅಂಗಡಿಯ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಬ್ರಾಡ್‌ಕಾಸ್ಟ್ ಅವರಿಗೆ ತಲುಪುತ್ತದೆ. ಇಲ್ಲದಿದ್ದರೆ ಒಂದೇ ಟಿಕ್‌ನಲ್ಲಿ ನಿಂತುಹೋಗುತ್ತದೆ. ಅಂದರೆ ಬೀಗದ ಕೈ ಗ್ರಾಹಕರ ಹತ್ತಿರವೇ ಇದೆ.

ಈ ಷರತ್ತಿಗೆ ಬೇಸತ್ತ ಅಂಗಡಿಯವರು ಸುತ್ತುದಾರಿ ಹಿಡಿಯುತ್ತಾರೆ. ಮೊದಲನೆಯ ಸುತ್ತುದಾರಿ ಗ್ರೂಪ್. ಬಿಲ್ ಪುಸ್ತಕದ ನಂಬರನ್ನೆಲ್ಲ ಎತ್ತಿ ಒಂದು ಗ್ರೂಪಿಗೆ ತುಂಬಿಬಿಡುತ್ತಾರೆ. ಆಗ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಸೀರೆ ಕೊಳ್ಳಲು ಹೋದ ಹೆಣ್ಣುಮಗಳ ನಂಬರ್ ಗುರುತು ಪರಿಚಯವಿಲ್ಲದ ಗಂಡಸರ ಫೋನಿನಲ್ಲಿ ಕೂರುತ್ತದೆ. ಇದು ಬರೀ ಕಿರಿಕಿರಿಯಲ್ಲ, ಅಪಾಯ. ಎರಡನೆಯದು, ಒಂದೇ ಮೆಸೇಜನ್ನು ಐದೈದು ಜನಕ್ಕೆ ಫಾರ್ವರ್ಡ್ ಮಾಡುತ್ತ ಹೋಗುವುದು. 2018ರಲ್ಲಿ ಸುಳ್ಳುಸುದ್ದಿಯ ಹಾವಳಿ ಎದ್ದಾಗ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಅನ್ನು ಒಂದು ಸಲಕ್ಕೆ ಐದು ಚಾಟ್‌ಗೆ ಸೀಮಿತ ಮಾಡಿತು. ಹಾಗೆ ಕಳಿಸಿದ್ದರ ತಲೆಯ ಮೇಲೆ 'ಫಾರ್ವರ್ಡೆಡ್' ಎಂಬ ಪಟ್ಟಿ ಬೀಳುತ್ತದೆ. ಅಂಗಡಿಯ ಸುದ್ದಿ ಯಾರೋ ಹರಿಯಬಿಟ್ಟ ಗಾಳಿಸುದ್ದಿಯ ಸಾಲಿಗೆ ಸೇರುತ್ತದೆ. ಮೂರನೆಯದು, ಸಾವಿರಾರು ನಂಬರಿಗೆ ಒಂದೇ ಏಟಿಗೆ ಕಳಿಸುತ್ತೇವೆ ಎನ್ನುವ 'ಬಲ್ಕ್ ಸೆಂಡರ್' ಸಾಫ್ಟ್‌ವೇರ್. ಅದರ ಪರಿಣಾಮಕ್ಕೆ ಆಮೇಲೆ ಬರುತ್ತೇನೆ.

ನೇರ ದಾರಿ ಹೇಗಿರುತ್ತದೆ? ಗುಬ್ಬಿಯಲ್ಲಿ ಮರದ ಗಾಣದ ಎಣ್ಣೆ ಮಾರುವ ಒಂದು ಅಂಗಡಿ ಎಂದಿಟ್ಟುಕೊಳ್ಳೋಣ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಹುಚ್ಚೆಳ್ಳೆಣ್ಣೆ ತೆಗೆಯುತ್ತಾರೆ. ಊರಿನ ಗಿರಾಕಿಗಳಲ್ಲದೆ ಇಪ್ಪತ್ತು ಕಿಲೋಮೀಟರ್ ದೂರದ ತುಮಕೂರಿನಲ್ಲಿ ಒಂದಷ್ಟು ಮನೆಗಳು, ಕುಣಿಗಲ್ ಕಡೆ ಇನ್ನೊಂದಷ್ಟು. ಬಿಲ್ ಪುಸ್ತಕದಲ್ಲಿ 600 ನಂಬರ್ ಇವೆ ಎನ್ನೋಣ. ಆ 600ಕ್ಕೂ ನಾಳೆಯೇ ಮೆಸೇಜ್ ಹಾಕುವ ಆಸೆಯನ್ನು ಮೊದಲು ಬಿಡಬೇಕು. ಪಟ್ಟಿ ಸೊನ್ನೆಯಿಂದ ಶುರುವಾಗಬೇಕು.

ಮಾಲೀಕರು ಗಿರಾಕಿಯನ್ನು ಬಾಯಿಬಿಟ್ಟು ಕೇಳಬೇಕು. "ಅಮ್ಮಾ, ಹೊಸ ಎಣ್ಣೆ ತೆಗೆದಾಗ ವಾಟ್ಸಾಪ್‌ನಲ್ಲಿ ತಿಳಿಸ್ಲಾ? ತಿಂಗಳಿಗೆ ಒಂದೇ ಸಲ. ಸಾಕು ಅನ್ನಿಸಿದ್ರೆ 'ಸಾಕು' ಅಂತ ಬರೀರಿ, ನಿಲ್ಲಿಸ್ತೀವಿ." ಇಷ್ಟೇ. ಆದರೆ ಈ ಎರಡು ಸಾಲಿನಲ್ಲಿ ಏನು ಬರುತ್ತದೆ, ಎಷ್ಟು ಸಲ ಬರುತ್ತದೆ, ಬಿಡುವುದು ಹೇಗೆ ಎಂಬ ಮೂರೂ ಸಂಗತಿ ಇವೆ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಅರೆಬರೆ ಒಪ್ಪಿಗೆ.

ಬೇಕು ಎಂದವರಿಗೆ ಕೌಂಟರ್ ಮೇಲಿನ ಕ್ಯೂಆರ್ ಕೋಡ್ ತೋರಿಸಬೇಕು. ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆ ಸಿಗುತ್ತದೆ. ಅಂಗಡಿಯ ಚಾಟ್ ನೇರವಾಗಿ ತೆರೆಯುವಂಥ ಕಿರು ಲಿಂಕನ್ನೂ ಕ್ಯೂಆರ್ ಅನ್ನೂ ಅದೇ ತಯಾರಿಸಿಕೊಡುತ್ತದೆ. ಗಿರಾಕಿ ಏನು ಬರೆಯಬೇಕು ಎನ್ನುವುದನ್ನೂ ಮೊದಲೇ ತುಂಬಿಡಬಹುದು. ಸ್ಕ್ಯಾನ್ ಮಾಡಿದರೆ 'ಎಣ್ಣೆ ಸುದ್ದಿ ತಿಂಗಳಿಗೊಮ್ಮೆ ಕಳಿಸಿ' ಎಂಬ ಸಾಲು ಅವರ ಪರದೆಯಲ್ಲಿ ಸಿದ್ಧವಾಗಿರುತ್ತದೆ, ಅವರು ಕಳಿಸುವ ಗುಂಡಿ ಒತ್ತಿದರಾಯಿತು. ಇದರಿಂದ ಎರಡು ಲಾಭ. ಒಪ್ಪಿಗೆ ಅವರ ಕೈಯಿಂದಲೇ, ತಾರೀಖು ಸಮೇತ, ಚಾಟ್‌ನಲ್ಲಿ ದಾಖಲಾಗುತ್ತದೆ. ಮಾತು ಶುರು ಮಾಡಿದ್ದು ಅವರು, ಅಂಗಡಿಯವರಲ್ಲ, ಎನ್ನುವುದೂ ಸ್ಪಷ್ಟವಾಗುತ್ತದೆ. ಆಮೇಲೆ "ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಮೆಸೇಜ್ ಬರಲ್ಲ" ಎಂದು ಹೇಳಿ, ಬೇಕಿದ್ದರೆ ಅಲ್ಲೇ ಮಾಡಿಕೊಡಬೇಕು. ವಯಸ್ಸಾದವರಿಗೆ ಈ ಸಹಾಯ ಬೇಕಾಗುತ್ತದೆ.

ಎರಡು ತಿಂಗಳಲ್ಲಿ 150 ಜನ ಹೀಗೆ ಸೇರಿದರು ಎಂದುಕೊಳ್ಳಿ. 600ರಲ್ಲಿ 150 ಕಡಿಮೆ ಎನಿಸಬಹುದು. ಆದರೆ ಉಳಿದ 450 ಜನ ಮೊದಲಿಂದಲೂ ನಿಮ್ಮ ಮೆಸೇಜ್ ಓದುತ್ತಿರಲಿಲ್ಲ, ಅಷ್ಟೇ. ಅದು ಈಗ ಗೊತ್ತಾಯಿತು.

ಈ 150 ಜನರನ್ನೂ ಒಂದೇ ಪಟ್ಟಿಗೆ ಸುರಿಯಬಾರದು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಪ್ರತಿ ಚಾಟ್‌ಗೂ ಬಣ್ಣದ ಲೇಬಲ್ ಹಚ್ಚಬಹುದು. ಗುಬ್ಬಿ, ತುಮಕೂರು, ಕುಣಿಗಲ್ ಎಂದು ಮೂರು ಲೇಬಲ್, ಅದಕ್ಕೆ ತಕ್ಕ ಹಾಗೆ ಮೂರು ಬ್ರಾಡ್‌ಕಾಸ್ಟ್ ಪಟ್ಟಿ. ಯಾಕೆಂದರೆ ಸುದ್ದಿ ಬೇರೆ ಬೇರೆ. ಗುಬ್ಬಿಯವರು ಅಂಗಡಿಗೇ ಬರುತ್ತಾರೆ, ತುಮಕೂರಿಗೆ ಪ್ರತಿ ವಾರ ಗಾಡಿ ಹೋಗುತ್ತದೆ, ಕುಣಿಗಲ್‌ಗೆ ತಿಂಗಳಿಗೊಮ್ಮೆ. ಕುಣಿಗಲ್‌ಗೆ ಗಾಡಿ ಬರುವ ಸುದ್ದಿ ಗುಬ್ಬಿಯವರಿಗೆ ಬಂದರೆ ಅವರ ಪಾಲಿಗೆ ಅದು ಕಸ. ಬೇಡದ ಸುದ್ದಿ ಮೂರು ಸಲ ಬಂದರೆ ನಾಲ್ಕನೆಯ ಸಲ ಬೇಕಾದ ಸುದ್ದಿಯನ್ನೂ ಅವರು ತೆರೆಯುವುದಿಲ್ಲ.

ಇನ್ನು ಎಷ್ಟು ಸಲ ಕಳಿಸಬೇಕು? ವಾರಕ್ಕೊಂದೋ ತಿಂಗಳಿಗೆರಡೋ ಎಂದು ಎಲ್ಲರಿಗೂ ಹೊಂದುವ ಲೆಕ್ಕ ಇಲ್ಲ. ಸರಕು ಎಷ್ಟು ದಿನಕ್ಕೆ ಮುಗಿಯುತ್ತದೋ ಅದೇ ಲೆಕ್ಕ. ನಾಲ್ಕು ಜನರ ಮನೆಯಲ್ಲಿ ಎರಡು ಮೂರು ಲೀಟರ್ ಎಣ್ಣೆ ಹೆಚ್ಚುಕಮ್ಮಿ ತಿಂಗಳು ಬರುತ್ತದೆ. ಹಾಗಾಗಿ ತಿಂಗಳಿಗೊಂದು ಮೆಸೇಜ್, ಅದೂ ಡಬ್ಬಿ ತಳ ಕಾಣುವ ಹೊತ್ತಿಗೆ. ಬೇಕರಿಯವರು ವಾರಕ್ಕೊಂದು ಕಳಿಸಿದರೆ ಬೇಜಾರಿಲ್ಲ. ಮಿಕ್ಸಿ, ಫ್ರಿಜ್ ಮಾರುವವರು ವರ್ಷಕ್ಕೆ ಎರಡೋ ಮೂರೋ ಸಲ ಬಾಯಿ ತೆರೆದರೆ ಸಾಕು. ಫ್ರಿಜ್ ತಗೊಂಡ ಮರುವಾರವೇ ಇನ್ನೊಂದು ಫ್ರಿಜ್ಜಿನ ಆಫರ್ ಬಂದರೆ ಯಾರಿಗೆ ಬೇಕು?

ಇದರ ಇನ್ನೊಂದು ಮುಖವನ್ನು ಅಡಿಕೆ, ಕೊಬ್ಬರಿ ಬೆಳೆಗಾರರಲ್ಲಿ ನೋಡಿ. ತುಮಕೂರಿನ ಅಡಿಕೆ ಮಂಡಿಯ ಧಾರಣೆ, ತಿಪಟೂರಿನ ಕೊಬ್ಬರಿ ಹರಾಜಿನ ಧಾರಣೆ ಇವರಿಗೆ ಹರಾಜಿನ ದಿನವೆಲ್ಲ ಬೇಕು. ಬಾರದಿದ್ದರೆ "ಯಾಕಣ್ಣ, ಇವತ್ತು ರೇಟ್ ಹಾಕ್ಲಿಲ್ಲ?" ಎಂದು ಅವರೇ ಕೇಳುತ್ತಾರೆ. 2025ರಲ್ಲಿ ಕೊಬ್ಬರಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗಲಂತೂ ಒಂದೊಂದು ದಿನದ ಧಾರಣೆಯೂ ದುಡ್ಡಿನ ಮಾತೇ ಆಗಿತ್ತು. ಅದೇ ಧಾರಣೆಯನ್ನು ಎಣ್ಣೆ ಕೊಳ್ಳುವ ಮನೆಗೆ ದಿನಾ ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ಒಬ್ಬರು ಕೇಳಿ ಪಡೆದದ್ದು, ಇನ್ನೊಬ್ಬರ ಮೇಲೆ ಹೇರಿದ್ದು. ಸಂಖ್ಯೆಗಿಂತ ಕೇಳಿದ್ದೇನು ಎನ್ನುವುದೇ ಮುಖ್ಯ.

ಹಬ್ಬದ ಶುಭಾಶಯದ ಬಗ್ಗೆಯೂ ಒಂದು ಮಾತು. ದೀಪಾವಳಿ, ಯುಗಾದಿಯ ದಿನ ಫೋನು ಶುಭಾಶಯದಲ್ಲೇ ಮುಳುಗಿರುತ್ತದೆ. ಆ ರಾಶಿಯಲ್ಲಿ ಅಂಗಡಿಯ ಚಿತ್ರ ಗಮನಕ್ಕೆ ಬರುವುದಿಲ್ಲ, ಫೋನಿನ ಜಾಗ ಮಾತ್ರ ತಿನ್ನುತ್ತದೆ. ಹಬ್ಬಕ್ಕೆ ಒಂದು ವಾರ ಮುಂಚೆ 'ಹಬ್ಬದ ಹಿಂದಿನ ದಿನ ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ' ಎಂದು ತಿಳಿಸಿದರೆ ಅದೇ ನಿಜವಾದ ಶುಭಾಶಯ. ಹೊತ್ತಿನ ವಿಷಯದಲ್ಲೂ ಒಂದು ಶಿಸ್ತು ಬೇಕು. ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ವ್ಯಾಪಾರದ ಕರೆ, ಎಸ್‌ಎಂಎಸ್ ಮಾಡಬಾರದು ಎಂದು ಟ್ರಾಯ್ 2010ರ ನಿಯಮದಲ್ಲಿ ಹೇಳಿತ್ತು. ವಾಟ್ಸಾಪ್‌ಗೆ ಆ ಕಟ್ಟು ಇಲ್ಲದಿದ್ದರೂ ಅಂಗಡಿಯವರು ತಾವಾಗಿಯೇ ಪಾಲಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಈಗ ಒಕ್ಕಣೆ. ನಮಗೆ ಸಾಮಾನ್ಯವಾಗಿ ಬರುವ ಮಾದರಿ ಹೀಗಿರುತ್ತದೆ:

"ಪ್ರಿಯ ಗ್ರಾಹಕ ಬಂಧುಗಳೇ!!! ನಿಮ್ಮ ನೆಚ್ಚಿನ ಮಳಿಗೆಯಲ್ಲಿ ಹಿಂದೆಂದೂ ಕಂಡು ಕೇಳರಿಯದ ಭರ್ಜರಿ ಆಫರ್!!! ಇಂದೇ ಭೇಟಿ ಕೊಡಿ, ತ್ವರೆ ಮಾಡಿ!!!"

ಮೂರು ಸಾಲು ಓದಿದರೂ ಯಾವ ಅಂಗಡಿ, ಏನು, ಎಷ್ಟು, ಯಾವಾಗ ಒಂದೂ ಗೊತ್ತಾಗುವುದಿಲ್ಲ. ಫೋನಿನ ಮೇಲ್ಭಾಗದಲ್ಲಿ ನೋಟಿಫಿಕೇಶನ್ ಬಂದಾಗ ಕಾಣುವುದು ಮೊದಲ ಸಾಲು ಮಾತ್ರ. ಅಲ್ಲಿ 'ಪ್ರಿಯ ಗ್ರಾಹಕ ಬಂಧುಗಳೇ' ಎಂದಿದ್ದರೆ ಅರ್ಧ ಜನ ಅಲ್ಲೇ ಪಕ್ಕಕ್ಕೆ ಸರಿಸುತ್ತಾರೆ. ನಮ್ಮ ಗಾಣದ ಅಂಗಡಿ ಕುಣಿಗಲ್ ಪಟ್ಟಿಗೆ ಹೀಗೆ ಬರೆಯಬಹುದು:

"ನಮಸ್ಕಾರ. ಶನಿವಾರ ಕುಣಿಗಲ್‌ಗೆ ಎಣ್ಣೆ ಗಾಡಿ ಬರುತ್ತೆ. ಸಂಜೆ 4ರಿಂದ 6, ಬಸ್ ಸ್ಟ್ಯಾಂಡ್ ಹತ್ತಿರ. ಕಡಲೆಕಾಯಿ ಎಣ್ಣೆ ಈ ವಾರ ತೆಗೆದದ್ದು. ಕೊಬ್ಬರಿ ಎಣ್ಣೆ ಲೀಟರಿಗೆ 20 ರೂ. ಜಾಸ್ತಿಯಾಗಿದೆ. ಹುಚ್ಚೆಳ್ಳೆಣ್ಣೆ ಈ ಸಲ ಇಲ್ಲ. ಬೇಕಾದವರು ಶುಕ್ರವಾರ ಸಂಜೆಯೊಳಗೆ ಎಷ್ಟು ಲೀಟರ್ ಅಂತ ಬರೆಯಿರಿ. ಮೆಸೇಜ್ ಬೇಡವಾದರೆ 'ಸಾಕು' ಅಂತ ಬರೆದರೆ ಸಾಕು."

ಇಲ್ಲಿ ಉದ್ಗಾರ ಚಿಹ್ನೆ ಒಂದೂ ಇಲ್ಲ. ಮೊದಲ ಸಾಲಿನಲ್ಲೇ ದಿನ, ಊರು, ಸರಕು ಬಂದುಬಿಟ್ಟಿದೆ. ಬೆಲೆ ಏರಿದ್ದನ್ನೂ ಸರಕು ಇಲ್ಲದ್ದನ್ನೂ ಮುಚ್ಚಿಟ್ಟಿಲ್ಲ. ಬರೀ ಸಿಹಿಸುದ್ದಿಯನ್ನೇ ಹೇಳುವ ಮೆಸೇಜನ್ನು ಜನ ಜಾಹೀರಾತು ಎಂದು ಓದುತ್ತಾರೆ, ಇರುವುದನ್ನು ಇದ್ದ ಹಾಗೆ ಹೇಳಿದ್ದನ್ನು ಸುದ್ದಿ ಎಂದು ಓದುತ್ತಾರೆ. ಉತ್ತರ ಬರೆಯುವುದೂ ಸುಲಭ, '2 ಲೀಟರ್ ಕಡಲೆಕಾಯಿ' ಎಂದರೆ ಆರ್ಡರ್ ಆಯಿತು. ಎಷ್ಟು ಡಬ್ಬಿ ತುಂಬಬೇಕು ಎಂಬ ಲೆಕ್ಕ ಶುಕ್ರವಾರ ರಾತ್ರಿಯೇ ಅಂಗಡಿಗೆ ಸಿಗುತ್ತದೆ, ಖಾಲಿ ತಿರುಗಾಟ ತಪ್ಪುತ್ತದೆ.

ಯಾರಾದರೂ 'ಸಾಕು' ಎಂದರೆ? ಆ ಗಳಿಗೆಯಲ್ಲೇ ಪಟ್ಟಿಯಿಂದ ತೆಗೆಯಬೇಕು. 'ಯಾಕಮ್ಮಾ, ಏನಾಯ್ತು' ಎಂದು ವಿಚಾರಣೆ ಬೇಡ. "ನಿಲ್ಲಿಸಿದ್ದೇವೆ. ಎಣ್ಣೆ ಬೇಕಾದಾಗ ಇದೇ ನಂಬರಿಗೆ ಬರೆಯಿರಿ" ಎಂಬ ಒಂದು ಸಾಲು ಸಾಕು. ಆ ಚಾಟ್‌ಗೆ 'ಕಳಿಸಬಾರದು' ಎಂಬ ಲೇಬಲ್ ಹಚ್ಚಿಡುವುದು ಮುಖ್ಯ. ಇಲ್ಲದಿದ್ದರೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಮುಂದಿನ ತಿಂಗಳು ಅವರನ್ನು ಮತ್ತೆ ಪಟ್ಟಿಗೆ ಸೇರಿಸಿರುತ್ತಾನೆ. ಒಮ್ಮೆ ಬೇಡ ಎಂದ ಮೇಲೂ ಬಂದ ಮೆಸೇಜಿನಷ್ಟು ಸಿಟ್ಟು ತರಿಸುವುದು ಇನ್ನೊಂದಿಲ್ಲ.

ಪಟ್ಟಿ ಸರಿಯಿದೆಯೋ ಇಲ್ಲವೋ ಎಂದು ತಿಳಿಯುವ ದಾರಿಯೂ ಕೈಯಲ್ಲೇ ಇದೆ. ಕಳಿಸಿದ ಬ್ರಾಡ್‌ಕಾಸ್ಟ್ ಮೆಸೇಜನ್ನು ಒತ್ತಿ ಹಿಡಿದು ಮಾಹಿತಿ ತೆರೆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎನ್ನುವ ಎರಡು ಪಟ್ಟಿ ಕಾಣುತ್ತದೆ. ಎರಡು ದಿನವಾದರೂ ತಲುಪದವರು ನಂಬರ್ ಸೇವ್ ಮಾಡಿಲ್ಲ, ಫೋನ್ ಬದಲಿಸಿದ್ದಾರೆ, ಇಲ್ಲವೇ ಬ್ಲಾಕ್ ಮಾಡಿದ್ದಾರೆ. ಮೂರು ತಿಂಗಳು ಹಾಗೆಯೇ ಇದ್ದರೆ ಹೆಸರು ತೆಗೆದುಬಿಡಬೇಕು. ತಲುಪಿಯೂ ಓದಿದ ಗುರುತು ಕಾಣದವರನ್ನು ದೂರಬೇಡಿ, ಕೆಲವರು ನೀಲಿ ಟಿಕ್ಕನ್ನೇ ಆಫ್ ಮಾಡಿಟ್ಟಿರುತ್ತಾರೆ. ಕೊನೆಗೆ ನಂಬಬೇಕಾದದ್ದು ಉತ್ತರಗಳ ಲೆಕ್ಕವನ್ನು. ಕುಣಿಗಲ್ ಪಟ್ಟಿಯ 40 ಜನರಲ್ಲಿ ತಿಂಗಳಿಗೆ 12 ಜನ ಆರ್ಡರ್ ಬರೆದರೆ ಪಟ್ಟಿ ಜೀವಂತ ಇದೆ ಎಂದರ್ಥ. ಒಬ್ಬರೂ ಬರೆಯದೆ 'ಸಾಕು'ಗಳೇ ಬರುತ್ತಿದ್ದರೆ ಒಕ್ಕಣೆಯಲ್ಲೋ ಹೊತ್ತಿನಲ್ಲೋ ಏನೋ ಕೆಟ್ಟಿದೆ.

ಇನ್ನು ಬಲ್ಕ್ ಸೆಂಡರ್ ವಿಷಯ. ಗುರುತಿಲ್ಲದ ನಂಬರಿನಿಂದ ಮೆಸೇಜ್ ಬಂದಾಗ ವಾಟ್ಸಾಪ್ ಚಾಟ್‌ನಲ್ಲೇ ಬ್ಲಾಕ್ ಮಾಡುವ, ರಿಪೋರ್ಟ್ ಮಾಡುವ ಅವಕಾಶವನ್ನು ಮುಂದಿಡುತ್ತದೆ. ರಿಪೋರ್ಟ್ ಒತ್ತಿದರೆ ಆ ನಂಬರಿನಿಂದ ಬಂದ ಕೊನೆಯ ಐದು ಮೆಸೇಜುಗಳು ಕಂಪನಿಗೆ ಹೋಗುತ್ತವೆ. ರಿಪೋರ್ಟ್‌ಗಳು ಹೆಚ್ಚಾದರೆ ಖಾತೆ ಬಂದ್. ಇದು ಬರೀ ಬೆದರಿಕೆಯಲ್ಲ. 2021ರ ಐಟಿ ನಿಯಮಗಳ ಪ್ರಕಾರ ವಾಟ್ಸಾಪ್ ಕೊಟ್ಟ ಮೊದಲ ವರದಿಯಲ್ಲೇ, ಆ ವರ್ಷದ ಮೇ 15ರಿಂದ ಜೂನ್ 15ರವರೆಗಿನ ಒಂದೇ ತಿಂಗಳಲ್ಲಿ ಭಾರತದ 20 ಲಕ್ಷ ಖಾತೆಗಳನ್ನು ಬಂದ್ ಮಾಡಿದ್ದಾಗಿ ಹೇಳಿತ್ತು. ಅದರಲ್ಲಿ ಬಹುಪಾಲು ಇಂಥ ಸ್ವಯಂಚಾಲಿತ ರಾಶಿ ಮೆಸೇಜುಗಳ ಕಾರಣಕ್ಕೇ. ಅಂಗಡಿಯ ಬೋರ್ಡು, ವಿಸಿಟಿಂಗ್ ಕಾರ್ಡು, ಕ್ಯಾರಿಬ್ಯಾಗಿನ ಮೇಲೆಲ್ಲ ಇರುವ ನಂಬರು ಒಂದು ಬೆಳಿಗ್ಗೆ ವಾಟ್ಸಾಪ್‌ನಿಂದ ಮಾಯವಾದರೆ ನಷ್ಟ ಯಾರಿಗೆ?

ಪಟ್ಟಿ ಸಾವಿರ ದಾಟಿದ ದೊಡ್ಡ ಮಳಿಗೆಗಳಿಗೆ ವಾಟ್ಸಾಪ್‌ನ ಹಣ ಕಟ್ಟುವ ವ್ಯವಸ್ಥೆ ಬೇರೆ ಇದೆ. ಅಲ್ಲಿ ಮೆಸೇಜಿನ ಮಾದರಿಗೆ ಮುಂಚೆಯೇ ಅನುಮತಿ ಪಡೆಯಬೇಕು, ಪ್ರಚಾರದ ಪ್ರತಿ ಮೆಸೇಜಿಗೂ ದುಡ್ಡು ಕೊಡಬೇಕು, ಜನ ಬ್ಲಾಕ್ ಮಾಡುತ್ತ ಹೋದರೆ ನಂಬರಿನ ದರ್ಜೆ ಕುಸಿಯುತ್ತದೆ. ಗ್ರಾಹಕರ ಒಪ್ಪಿಗೆ ಅಲ್ಲೂ ಕಡ್ಡಾಯ. ಒಂದೊಂದು ಮೆಸೇಜಿಗೂ ಕಾಸು ಬಿಚ್ಚಬೇಕಾದಾಗ ಯಾರೂ ಬೆಳಿಗ್ಗೆ ಆರಕ್ಕೆ ಶುಭೋದಯ ಕಳಿಸುವುದಿಲ್ಲ, ಗಮನಿಸಿ. ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರಿಗೆ 2023ರಲ್ಲಿ ಬಂದ 'ಚಾನೆಲ್' ಇದೆ. ಬೇಕಾದವರು ತಾವೇ ಫಾಲೋ ಮಾಡುತ್ತಾರೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಬೇಡವಾದರೆ ಬಿಟ್ಟು ಹೋಗುತ್ತಾರೆ. ಆದರೆ ಅಲ್ಲಿ ಉತ್ತರ ಬರೆದು ಆರ್ಡರ್ ಕೊಡಲು ಬರುವುದಿಲ್ಲ. ಧಾರಣೆ ಹಾಕುವ ಮಂಡಿಗೆ ಚಾನೆಲ್ ಸರಿ, ಎಣ್ಣೆ ಅಂಗಡಿಗೆ ಬ್ರಾಡ್‌ಕಾಸ್ಟೇ ಸರಿ.

ಕಾನೂನೂ ಇದೇ ದಿಕ್ಕಿನಲ್ಲಿ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಒಪ್ಪಿಗೆಯ ಮುಖ್ಯ ಭಾಗಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಒಂದು ಕೆಲಸಕ್ಕೆ ಪಡೆದ ಒಪ್ಪಿಗೆ ಆ ಕೆಲಸಕ್ಕೆ ಮಾತ್ರ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು, ಅದರ ತಿಳಿವಳಿಕೆಯನ್ನು ಕನ್ನಡದಲ್ಲೂ ಪಡೆಯುವ ಆಯ್ಕೆ ಇರಬೇಕು ಎನ್ನುವುದು ಅದರ ತಿರುಳು. ಕೌಂಟರಿನ ಆ ಎರಡು ಸಾಲಿನ ಮಾತು ಮತ್ತು 'ಸಾಕು' ಎಂಬ ಒಂದು ಪದ ಇವತ್ತೇ ಆ ದಾರಿಗೆ ಬರುತ್ತವೆ.

ಓದುಗರಿಗೂ ಒಂದು ಮಾತು. ಬಿಲ್ ಕೌಂಟರಿನಲ್ಲಿ ನಂಬರ್ ಕೇಳಿದರೆ "ಯಾತಕ್ಕೆ?" ಎಂದು ಕೇಳಿ. ಉತ್ತರ ಸರಿ ಎನಿಸದಿದ್ದರೆ "ಬೇಡ, ಪ್ರಿಂಟ್ ಬಿಲ್ ಕೊಡಿ" ಎನ್ನಿ. ಬೇಡದ ಮೆಸೇಜ್ ಬಂದರೆ ಒಮ್ಮೆ 'ಸಾಕು' ಎಂದು ಬರೆಯಿರಿ, ಸಣ್ಣ ಅಂಗಡಿಯವರಿಗೆ ಆ ಒಂದು ಅವಕಾಶ ಕೊಡುವುದು ನ್ಯಾಯ. ಅದಾದ ಮೇಲೂ ಬಂದರೆ ಹಿಂದೆಮುಂದೆ ನೋಡದೆ ರಿಪೋರ್ಟ್ ಒತ್ತಿ.

ಅಂಗಡಿಯವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಮೆಸೇಜ್ ಕಳಿಸುವ ಮೊದಲು ಪಟ್ಟಿಯನ್ನೊಮ್ಮೆ ತೆರೆದು ನೋಡಿ. ಅದರಲ್ಲಿರುವ ಯಾರು ಬೇಕು ಎಂದು ಕೇಳಿಲ್ಲವೋ ಅವರ ಹೆಸರನ್ನು ಇವತ್ತೇ ತೆಗೆಯಿರಿ.